ಸುಮಾಗೆ, ಭಾನುವಾರ ರಾತ್ರಿ

ಸುಮಾ,

ಮಧ್ಯಾಹ್ನ ನೀನು ಫೋನಿನಲ್ಲಿ "ಆ ಸಂಬಂಧ ಮುಂದುವರಿಯಲ್ಲ ಕಣೇ" ಅಂತ ಅಷ್ಟೇ ಹೇಳಿ ಇಟ್ಟುಬಿಟ್ಟೆ. ಆಗ ನನಗೂ ಏನು ಹೇಳಬೇಕೋ ತಿಳಿಯಲಿಲ್ಲ. ಅದಕ್ಕೇ ಈಗ ಬರೀತಿದ್ದೀನಿ. ಉತ್ತರ ಕೊಡಲೇಬೇಕು ಅಂತೇನಿಲ್ಲ, ಓದಿ ಮಲಗು.

ನಿನಗೆ ದುಃಖ ಆಗಿದೆ, ಆಗಬೇಕಾದ್ದೇ. "ನಿಶ್ಚಿತಾರ್ಥವೂ ಆಗಿರಲಿಲ್ಲವಲ್ಲ, ಯಾಕಿಷ್ಟು ಬೇಜಾರು" ಅಂತ ಯಾರಾದರೂ ಅಂದರೆ ಕಿವಿಗೆ ಹಾಕಿಕೊಳ್ಳಬೇಡ. ನಾಲ್ಕು ತಿಂಗಳು ಕಡಿಮೆಯಾ? ಅವನು ಎರಡು ಸಲ ಪುಣೆಯಿಂದ ಡೆಕ್ಕನ್ ಕ್ವೀನ್ ಹಿಡಿದು ಬಂದು ದಾದರಿನಲ್ಲಿ ಇಳಿದಿದ್ದ. ಮಾಟುಂಗಾದಲ್ಲಿ ಕಾಫಿ ಕುಡಿದು ಫೈವ್ ಗಾರ್ಡನ್ಸ್ ಸುತ್ತಿ ಬಂದ ದಿನ ನೀನು ಲೋಕಲ್‌ನಲ್ಲಿ ನಿಂತುಕೊಂಡೇ ನನಗೆ ಅದನ್ನೆಲ್ಲ ಹೇಳಿದ್ದೆ, ಘಾಟ್ಕೋಪರ್ ದಾಟಿದರೂ ಮಾತು ಮುಗಿದಿರಲಿಲ್ಲ. ಆ ಖುಷಿ ನಿಜವಾಗಿತ್ತು. ಇನ್ನು ಕೆಲವು ದಿನ ಪುಣೆಯ ಗಾಡಿ ಡೊಂಬಿವಲಿ ದಾಟುವುದು ಕಂಡರೆ ಸಂಕಟ ಆಗುತ್ತೆ. ಆಗಲಿ.

ತಪ್ಪು ಯಾರದು ಅಂತ ರಾತ್ರಿಯಿಡೀ ಲೆಕ್ಕ ಹಾಕ್ತಾ ಕೂರಬೇಡ, ಅದೊಂದೇ ನಾನು ಕೇಳೋದು. ಕೋಥ್ರೂಡ್‌ನಲ್ಲಿ ಅವನ ತಾಯಿ ಒಬ್ಬರೇ, ಅವರನ್ನು ಬಿಟ್ಟು ಅವನು ಮುಂಬಯಿಗೆ ಬರಲಾರ. ಇಲ್ಲಿ ನಿಮ್ಮ ಅಪ್ಪನಿಗೆ ವಾರಕ್ಕೆ 3 ಸಲ ಡಯಾಲಿಸಿಸ್, ನೀನು ಹೋಗಲಾರೆ. ಇಬ್ಬರೂ ತಂತಮ್ಮ ಮನೆಯವರ ಕೈ ಬಿಡಲಿಲ್ಲ. ಅವನು ಇನ್ನೂ ಆರು ತಿಂಗಳು ಎಳೆಯದೆ ಇದ್ದದ್ದನ್ನು ಇದ್ದ ಹಾಗೆ ಹೇಳಿದ, ಅದಕ್ಕೂ ಧೈರ್ಯ ಬೇಕು. ಅವನ ಮೇಲೆ ಇನ್ನೂ ಮನಸ್ಸಿದ್ದರೆ ಅದನ್ನು ಮುಚ್ಚಿಡಬೇಡ, ಸಿಟ್ಟು ಬಂದರೂ ಮುಚ್ಚಿಡಬೇಡ. ಎರಡನ್ನೂ ನನ್ನ ಹತ್ತಿರ ಹೇಳು. ಅಪ್ಪ ಮಾತ್ರ "ನನ್ನಿಂದಲೇ ಹೀಗಾಯ್ತು" ಅಂತ ಒಳಗೊಳಗೇ ಕೊರಗ್ತಿರಬಹುದು. ನಾಳೆ ಅವರ ಪಕ್ಕ ಸ್ವಲ್ಪ ಹೊತ್ತು ಕೂತುಕೋ. ಏನೂ ಮಾತಾಡದಿದ್ದರೂ ನಡೆಯುತ್ತೆ.

ನೆಂಟರಿಗೆ ವಿವರ ಕೊಡುವ ಕೆಲಸ ನಿನಗೆ ಬೇಡ. "ಕೂಡಿ ಬರಲಿಲ್ಲ" ಅಂದರೆ ಸಾಕು. ಹುಬ್ಬಳ್ಳಿಯ ಅತ್ತೆ ಮತ್ತೆ ಮತ್ತೆ ಫೋನ್ ಮಾಡಿದರೆ ನನ್ನ ನಂಬರ್ ಕೊಡು, ನಾನು ಮಾತಾಡ್ತೀನಿ. ಟೈಲರ್ ಹತ್ತಿರ ಇರುವ ಇಳಕಲ್ ಸೀರೆಯ ರವಿಕೆ ನೆನಪಾಗಿ ನಿನಗೆ ಅಳು ಬಂತು ಅಂತ ಅಮ್ಮ ಹೇಳಿದರು. ಅದನ್ನು ನಾನೇ ತರ್ತೀನಿ, ನೀನು ಕೇಳೋವರೆಗೂ ನನ್ನ ಕಪಾಟಿನಲ್ಲಿರಲಿ.

ಶನಿವಾರ ಆಫೀಸ್ ಅರ್ಧ ದಿನ. ಮುಲುಂಡಿನಿಂದ ಎರಡೂವರೆಯ ಹೊತ್ತಿಗೆ ಸ್ಲೋ ಹಿಡಿದು ಬರ್ತೀನಿ. ರಾತ್ರಿ ಅಲ್ಲೇ ಇರ್ತೀನಿ. ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಸಿಕೊಂಡು ಬರ್ತೀನಿ, ಅಮ್ಮನಿಗೆ ಅಡುಗೆ ಮಾಡಬೇಡಿ ಅಂತ ಹೇಳು.

ನಿನ್ನ,
ವೀಣಾ