ಪುಟ್ಟಿ, ನಿನ್ನ ಇಂಟರ್‌ವ್ಯೂ ಕನಸಿಗೆ ನನ್ನ ಉತ್ರ

ನಿನ್ ವಾಯ್ಸ್ ಮೆಸೇಜ್ ಎರಡ್ ಸಲ ಕೇಳ್ದೆ ಮಾರಾಯ್ತಿ. ಮೂರ್ ಜನ ಕೂತಿದಾರೆ, ಅದ್ರಲ್ಲಿ ಒಬ್ರು ನಿನ್ ಹೈಸ್ಕೂಲ್ ಗಣಿತದ ಮೇಷ್ಟ್ರು(!), ಪ್ರಾಜೆಕ್ಟ್ ಬಗ್ಗೆ ಹೇಳಮ್ಮ ಅಂತಾರೆ, ನೀನ್ ಬಾಯಿ ತೆಗೀತೀಯ, ಉತ್ರ ಮಾಯ, ರೆಸ್ಯೂಮೆ ನೋಡಿದ್ರೆ ಅದ್ರಲ್ಲಿರೋ ಅಕ್ಷರಾನೂ ಮಳೆಗೆ ನೆಂದಂಗೆ ಅಳಿಸ್ಕೊಂಡ್ ಹೋಗ್ತಿದೆ. ಅಮ್ಮಮ್ಮ ಬೇರೆ ಬೆಳಗಿನ ಜಾವದ ಕನಸು ನಿಜ ಆಗತ್ತೆ ಅಂದ್ಬಿಟ್ರು, ಅಲ್ಲಿಗೆ ನಿನ್ ಕಥೆ ಮುಗೀತು.

ಮೊದ್ಲು ಆ ಜಾವದ ವಿಷ್ಯ. ನಿದ್ದೆ ಸುಮಾರು 90 ನಿಮಿಷದ ಸುತ್ತಲ್ಲಿ ನಡೆಯತ್ತೆ, ಒಂದೊಂದು ಸುತ್ತಿನ ಕೊನೇಲೂ ರೆಮ್ ಅಂತ ಒಂದ್ ಹಂತ, ಗಾಢವಾದ ಕನಸು ಜಾಸ್ತಿ ಬೀಳೋದು ಅದ್ರಲ್ಲೇ. ರಾತ್ರಿ ಕಳೀತಾ ಕಳೀತಾ ಆ ಹಂತ ಉದ್ದ ಆಗ್ತಾ ಹೋಗತ್ತೆ. ಅದಕ್ಕೇ ಐದ್ ಗಂಟೆ ಕನಸು ಸಿನಿಮಾ ಥರ ಉದ್ದ ಇರತ್ತೆ, ಮಧ್ಯದಲ್ಲೇ ಎಚ್ರ ಆಗೋದ್ರಿಂದ ನೆನಪೂ ಉಳಿಯತ್ತೆ. ಭವಿಷ್ಯ ಏನಿಲ್ಲ ಅದ್ರಲ್ಲಿ. ಅಮ್ಮಮ್ಮನ ಹತ್ರ ಇದನ್ನ ವಾದ ಮಾಡಕ್ ಹೋಗ್ಬೇಡ, ಗೆಲ್ಲಲ್ಲ.

ಉತ್ರ ಯಾಕ್ ಮಾಯ ಆಯ್ತು? ಆ ಹೊತ್ತಲ್ಲಿ ಹಣೆ ಹಿಂದಿನ ಮಿದುಳಿನ ಭಾಗ, ಅಂದ್ರೆ ಮಾತು ಹಿಡಿದಿಟ್ಕೊಂಡು ಒಂದಾದ್ಮೇಲೊಂದು ಜೋಡಿಸೋ ಕೆಲ್ಸದ್ದು, ಅರ್ಧ ರಜೆಲಿರತ್ತೆ, ಭಯದ ಭಾಗ ಮಾತ್ರ ಫುಲ್ ಡ್ಯೂಟಿ. ಕನಸಲ್ಲಿ ಬರಹ ನಿಲ್ಲದೇ ಇರೋದೂ ತುಂಬಾ ಜನಕ್ಕೆ ಆಗೋದೇ, ಒಂದ್ಸಲ ಓದಿ ಮತ್ತೆ ನೋಡಿದ್ರೆ ಎಷ್ಟೋ ಸಲ ಬೇರೇನೋ ಇರತ್ತೆ.

ಇನ್ನೊಂದು ಕೇಳು. ಪ್ಯಾರಿಸ್‌ನಲ್ಲಿ ಮೆಡಿಕಲ್ ಸೀಟಿನ ಪರೀಕ್ಷೆ ಬರೆದ 700ಕ್ಕೂ ಹೆಚ್ಚು ಹುಡುಗ್ರನ್ನ ಕೇಳಿ 2014ರಲ್ಲಿ ಒಂದು ಅಧ್ಯಯನ ಬಂತು. ಹಿಂದಿನ ರಾತ್ರಿ ಪರೀಕ್ಷೆ ಕನಸು ಬಿದ್ದೋರು ಅರ್ಧಕ್ಕಿಂತ ಜಾಸ್ತಿ, ಹೆಚ್ಚಿನವು ಕೆಟ್ಟ ಕನಸೇ, ಲೇಟಾಗಿ ಹೋದಂಗೆ, ಉತ್ರ ಮರೆತಂಗೆ. ಆದ್ರೆ ಇಂಥ ಕನಸು ಜಾಸ್ತಿ ಕಂಡೋರಿಗೆ ಸರಾಸರಿ ಮಾರ್ಕ್ಸೂ ಜಾಸ್ತೀನೇ ಬಂದಿತ್ತು! ಕನಸಿಂದ್ಲೇ ಮಾರ್ಕ್ಸ್ ಬಂತು ಅಂತಲ್ಲ ಮತ್ತೆ, ತಲೇಲಿ ಅದೇ ಓಡ್ತಿದ್ದೋರಿಗೆ ಅದೇ ಕನಸು ಬಿದ್ದಿರ್ಬೇಕು ಅಂತ ನನ್ ಲೆಕ್ಕ.

ನಿನ್ ಕನಸಲ್ಲಿ ನಂಗೆ ಕಂಡಿದ್ದು ಬೇರೆ. ಹೆಸ್ರು, ಊರು ತೀರ್ಥಹಳ್ಳಿ, ಕಾಲೇಜು ಎಲ್ಲಾ ಸರಿಯಾಗೇ ಹೇಳ್ದೆ ಅಂದ್ಯಲ್ಲ, ನಿಂತಿದ್ದು ಪ್ರಾಜೆಕ್ಟ್ ಹತ್ರ. ಅದೊಂದನ್ನೇ ನೀನು ವೀಡಿಯೋ ನೋಡಿ ಇಂಗ್ಲಿಷಲ್ಲಿ ಬಾಯಿಪಾಠ ಮಾಡಿರೋದು. ಬಾಯಿಪಾಠದಲ್ಲಿ ಒಂದ್ ಪದ ಜಾರಿದ್ರೆ ಹಿಂದಿಂದೆಲ್ಲ ಜಾರತ್ತೆ, ನಿಂಗೆ ಒಳಗೊಳಗೇ ಅದು ಗೊತ್ತು. ಆದ್ರೆ ತೋಟದ ಮಣ್ಣಿನ ತೇವ ನೋಡಿ ಪಂಪ್ ಆನ್ ಆಗೋ ಆ ಡಬ್ಬಿ ಮಾಡಿದ್ದು ನೀನೇ ಅಲ್ವನೇ? ವೈರನ್ನ ಇಲಿ ಕಡಿದಾಗ ಪೈಪೊಳಗೆ ಹಾಕಿದ್ದೂ ನೀನೇ. ಅದಕ್ಕೆ ಬಾಯಿಪಾಠ ಯಾಕೆ?

ಇವತ್ತು ಸಂಜೆ ಅಪ್ಪಯ್ಯ ಜಗಲೀಲಿ ಕವಳ ಹಾಕ್ತಾ ಕೂತಾಗ ಆ ಇಲಿ ಕಥೆಯಿಂದ್ಲೇ ಶುರು ಮಾಡಿ ಕನ್ನಡದಲ್ಲಿ ಹೇಳು, ಅವ್ರು ಮಧ್ಯೆ ಮಧ್ಯೆ ಅಡ್ಡ ಪ್ರಶ್ನೆ ಹಾಕೇ ಹಾಕ್ತಾರೆ. ರಾತ್ರಿ ಊಟ ಆದ್ಮೇಲೆ ನಂಗೆ ಕಾಲ್ ಮಾಡಿ ಅದನ್ನೇ ಇಂಗ್ಲಿಷಲ್ಲಿ ಹೇಳು, ತಡವರಿಸಿದ್ರೂ ಪರ್ವಾಗಿಲ್ಲ. ಗಣಿತದ ಮೇಷ್ಟ್ರು ಮಾತ್ರ ಲೈನಲ್ಲಿರಲ್ಲ.