ಪರಸಿ ಮುರಿದ ಸಂಜೆ: ನಿರ್ಲಕ್ಷ್ಯದ ಸಮಸ್ಯೆಗೆ ಪೂರ್ಣ ಉತ್ತರ

ಪ್ರಶ್ನೆ

ಕಲಬುರಗಿಯ ಬ್ರಹ್ಮಪುರದ ಓಣಿಯೊಂದರಲ್ಲಿ ಕುಡಿಯುವ ನೀರಿನ ಪೈಪ್ ಹಾಕಲು ಗುತ್ತಿಗೆದಾರ ಬಸವರಾಜ 3 ಅಡಿ ಅಗಲ, 4½ ಅಡಿ ಆಳದ ತಗ್ಗು ತೋಡಿಸಿದ. ಜನ ದಾಟಲೆಂದು ಅದರ ಮೇಲೆ ಶಹಾಬಾದ್ ಪರಸಿ ಎರಡು ಅಡ್ಡ ಹಾಕಿಸಿದ. ಒಂದೊಂದರ ಅಗಲ 1 ಅಡಿ, ದಪ್ಪ 1 ಇಂಚು. ತಗ್ಗಿನ ಸುತ್ತ ಬ್ಯಾರಿಕೇಡ್, ರಾತ್ರಿ ಕೆಂಪು ದೀಪ, ದಾಟಲು ಕಬ್ಬಿಣದ ಪ್ಲೇಟ್ ಇರಬೇಕೆಂದು ಕೆಲಸದ ಕರಾರಿನಲ್ಲೇ ಬರೆದಿತ್ತು. ಮೂರೂ ಇರಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಕೂಲಿಯಾಳೊಬ್ಬ "ಕಲ್ಲಿನ ಅಡಿಗೆ ಸೀಳು ಕಾಣ್ತದ್ರೀ" ಎಂದಾಗ ಮೇಸ್ತ್ರಿ, "ದಿನಾ ಹಿಂಗೇ ಹಾಕ್ತೀವಿ, ಏನೂ ಆಗಂಗಿಲ್ಲ, ನೀ ಕೆಲಸಾ ನೋಡು" ಎಂದ.

ಅದೇ ಮಧ್ಯಾಹ್ನ ಬಸವರಾಜನ ಜೆಸಿಬಿ ನೆಲದಡಿಯ ಕರೆಂಟಿನ ಕೇಬಲ್ ಕಡಿಯಿತು. ಕೇಬಲ್ ಇರುವ ಜಾಗದ ನಕ್ಷೆ ಅವನ ಕೈಯಲ್ಲಿತ್ತು. ಓಣಿಗೆ ಎರಡು ದಿನ ಕರೆಂಟ್ ಇರಲಿಲ್ಲ. ಸಂಜೆ 7:30ಕ್ಕೆ ದಾಲ್ ಮಿಲ್ಲಿನ ಹಮಾಲ ಶರಣಪ್ಪ (56) ಹೆಗಲ ಮೇಲೆ 25 ಕೆ.ಜಿ. ಜೋಳದ ಚೀಲ ಹೊತ್ತು ಮನೆಗೆ ಬರುತ್ತಿದ್ದ. ಎರಡು ದಿನದಿಂದ ಅದೇ ಪರಸಿಯ ಮೇಲೆ ಓಡಾಡಿದ್ದವನು. ಕಲ್ಲು ನಡುವೆ ಮುರಿದು ಅವನು ತಗ್ಗಿಗೆ ಬಿದ್ದ, ಮೊಣಕಾಲ ಕೆಳಗೆ ಆಳವಾದ ಗಾಯವಾಯಿತು. ಅವನಿಗೆ ಸಕ್ಕರೆ ಕಾಯಿಲೆ ಇತ್ತು. ಹತ್ತಿರದ ವೈದ್ಯರು ಗಾಯದೊಳಗಿನ ಮಣ್ಣನ್ನು ಪೂರ್ತಿ ತೊಳೆಯದೆ ಹೊಲಿಗೆ ಹಾಕಿದರು. ಡ್ರೆಸ್ಸಿಂಗಿಗೆ ಬರಹೇಳಿದ ದಿನಗಳಲ್ಲಿ ಎರಡನ್ನು ಶರಣಪ್ಪ ತಪ್ಪಿಸಿದ. ಗಾಯ ಕೊಳೆತು 24ನೆಯ ದಿನ ಮೊಣಕಾಲ ಕೆಳಗೆ ಕಾಲು ತೆಗೆಯಬೇಕಾಯಿತು.

ಓಣಿಯಲ್ಲಿ ಖಾನಾವಳಿ ನಡೆಸುವ ಮಲ್ಲಮ್ಮನ ಫ್ರಿಜ್ಜಿನಲ್ಲಿದ್ದ ₹2,400ರ ಹಾಲು ಮೊಸರು ಕೆಟ್ಟಿತು. ಎರಡು ದಿನ ಖಾನಾವಳಿ ಮುಚ್ಚಿ ₹7,000 ಲಾಭ ತಪ್ಪಿತು. ಶರಣಪ್ಪ ಮತ್ತು ಮಲ್ಲಮ್ಮ ಬಸವರಾಜನ ಮೇಲೆ ನಿರ್ಲಕ್ಷ್ಯದ ದಾವೆ ಹೂಡಿದ್ದಾರೆ. ಪರಿಹಾರ ಸಿಗುತ್ತದೆಯೇ?

ಉತ್ತರ

ನಿರ್ಲಕ್ಷ್ಯದ ದಾವೆ ಗೆಲ್ಲಲು ವಾದಿ ನಾಲ್ಕು ಸಂಗತಿ ತೋರಿಸಬೇಕು: ಪ್ರತಿವಾದಿಗೆ ಎಚ್ಚರಿಕೆಯ ಕರ್ತವ್ಯವಿತ್ತು, ಅದನ್ನು ಅವನು ಮುರಿದ, ಆ ಮುರಿತದಿಂದಲೇ ಹಾನಿಯಾಯಿತು, ಆ ಹಾನಿ ಕಾನೂನಿನ ಕಣ್ಣಿಗೆ ತೀರ ದೂರದ್ದಲ್ಲ. ಭಾರತದಲ್ಲಿ ಇದಕ್ಕೆ ಸಂಹಿತೆ ಇಲ್ಲ. ಇಂಗ್ಲೆಂಡಿನ ತೀರ್ಪುಗಳು ನಮ್ಮ ನ್ಯಾಯಾಲಯಗಳನ್ನು ಕಟ್ಟಿಹಾಕುವುದಿಲ್ಲ, ಆದರೆ ದಾರಿ ತೋರಿಸುತ್ತವೆ.

ಶರಣಪ್ಪನ ದಾವೆಯಲ್ಲಿ ಕರ್ತವ್ಯದ ಬಗ್ಗೆ ಹೆಚ್ಚು ಬರೆಯಬೇಕಾಗಿಲ್ಲ. ಡೊನೊಹ್ಯೂ ವಿರುದ್ಧ ಸ್ಟೀವನ್ಸನ್ (1932) ತೀರ್ಪಿನಲ್ಲಿ ಲಾರ್ಡ್ ಆಟ್ಕಿನ್ ಹೇಳಿದ 'ನೆರೆಯವರು' ಯಾರೆಂದರೆ, ನನ್ನ ಕೆಲಸ ಯಾರಿಗೆ ತೀರ ಹತ್ತಿರದಿಂದ ತಟ್ಟುತ್ತದೋ, ಅದರಿಂದಾಗಿ ಕೆಲಸ ಮಾಡುವಾಗಲೇ ನಾನು ಯಾರನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕೋ ಅವರು. ಓಣಿಯ ನಡುವೆ ತಗ್ಗು ತೋಡಿ, ದಾಟಲೆಂದೇ ಕಲ್ಲು ಹಾಕಿದವನಿಗೆ ಆ ಓಣಿಯವರು ಇದೇ ಅರ್ಥದ ನೆರೆಯವರು. ಹೇಲಿ ವಿರುದ್ಧ ಲಂಡನ್ ಎಲೆಕ್ಟ್ರಿಸಿಟಿ ಬೋರ್ಡ್ (1965) ಪ್ರಕರಣವಂತೂ ರಸ್ತೆಯ ತಗ್ಗಿನದೇ. ಒಂಟಿಯಾಗಿ ನಡೆಯುವ ಕುರುಡರನ್ನೂ ತಗ್ಗು ತೋಡುವವರು ಗಮನದಲ್ಲಿಡಬೇಕು ಎಂದು ಅಲ್ಲಿ ತೀರ್ಮಾನವಾಯಿತು. ಹೆಗಲ ಮೇಲೆ ಚೀಲ ಹೊತ್ತು ಬರುವವರು ಕಲಬುರಗಿಯ ಓಣಿಯಲ್ಲಿ ಅಪರೂಪದವರಲ್ಲ. ಸ್ಥಾಪಿತ ನಿಯಮವಿರುವಲ್ಲಿ ಹಾನಿ ಮುಂಗಾಣಬಹುದಿತ್ತೇ, ಸಂಬಂಧ ಹತ್ತಿರದ್ದೇ, ಹೊಣೆ ಹೊರಿಸುವುದು ನ್ಯಾಯವೇ ಎಂದು ಕೇಳುವ ಕಾಪಾರೊ (1990) ತೀರ್ಪಿನ ಮೂರು ಹಂತದ ಪರೀಕ್ಷೆಯನ್ನು ಪುಟಗಟ್ಟಲೆ ಬರೆಯುವುದು ಸಮಯ ಹಾಳು.

ಉತ್ತರದ ಜೀವ ಇರುವುದು ಕರ್ತವ್ಯಭಂಗದಲ್ಲಿ. "ಬಸವರಾಜ ಎಚ್ಚರಿಕೆ ವಹಿಸಲಿಲ್ಲ" ಎಂದು ಬರೆದು ಮುಂದೆ ಹೋದರೆ ಕಾರಣ ಸಂಬಂಧದಲ್ಲಿ ಕಾಲು ಜಾರುತ್ತದೆ. ಯಾವ ಕೆಲಸ, ಯಾವ ಲೋಪ ಎಂದು ಬೆರಳಿಟ್ಟು ತೋರಿಸಬೇಕು. ಇಲ್ಲಿ ಲೋಪ ಮೂರು: ಬ್ಯಾರಿಕೇಡ್ ಇಲ್ಲ, ಕೆಂಪು ದೀಪ ಇಲ್ಲ, ಕಬ್ಬಿಣದ ಪ್ಲೇಟಿನ ಬದಲು ಒಂದಿಂಚಿನ ಪರಸಿ.

ಕೊನೆಯದನ್ನು ನೋಡೋಣ. ಶಹಾಬಾದ್ ಪರಸಿ ಸುಣ್ಣದ ಕಲ್ಲು. ಅಂಗಳದಲ್ಲಿ ಮರಳು ಹಾಸಿ ಅದರ ಮೇಲೆ ಕೂರಿಸಿದರೆ ಭಾರಕ್ಕೆ ಜಗ್ಗುವುದಿಲ್ಲ, ಏಕೆಂದರೆ ಕೆಳಗಿನ ನೆಲ ಇಡೀ ಕಲ್ಲನ್ನು ಹಿಡಿದಿರುತ್ತದೆ. ಅದೇ ಕಲ್ಲನ್ನು ಮೂರಡಿ ಖಾಲಿ ಜಾಗದ ಮೇಲೆ ಎರಡು ತುದಿಯ ಆಧಾರದಲ್ಲಿ ಇಟ್ಟಾಗ, ನಡುವೆ ಕಾಲಿಟ್ಟ ಭಾರಕ್ಕೆ ಮೇಲ್ಮೈ ಒತ್ತಲ್ಪಡುತ್ತದೆ, ಅಡಿಮೈ ಎಳೆಯಲ್ಪಡುತ್ತದೆ. ಕಲ್ಲು ಒತ್ತಡ ತಾಳುತ್ತದೆ, ಎಳೆತ ತಾಳುವುದಿಲ್ಲ. ಕಬ್ಬಿಣ ಮೊದಲು ಬಾಗಿ ಮುನ್ಸೂಚನೆ ಕೊಡುತ್ತದೆ, ಪರಸಿ ಒಮ್ಮೆಲೇ ತುಂಡಾಗುತ್ತದೆ. ಅಡಿಮೈಯಲ್ಲಿ ಸೀಳಿದ್ದರೆ ಮುರಿತ ಅಲ್ಲಿಂದಲೇ ಶುರು. ಈ ಸೀಮೆಯಲ್ಲಿ ಕಟ್ಟಡದ ಕೆಲಸ ಮಾಡುವವರಿಗೆ ಇದು ಹೊಸ ವಿಷಯವಲ್ಲ.

ಇದಕ್ಕೆ ಕಾನೂನಿನ ಅಳತೆಗೋಲು ಹಿಡಿಯೋಣ. ಬ್ಲೈತ್ ವಿರುದ್ಧ ಬರ್ಮಿಂಗ್‌ಹ್ಯಾಮ್ ವಾಟರ್‌ವರ್ಕ್ಸ್ (1856) ಪ್ರಕಾರ ವಿವೇಕವುಳ್ಳ ವ್ಯಕ್ತಿ ಮಾಡುವುದನ್ನು ಬಿಡುವುದು ಅಥವಾ ಮಾಡದಿರುವುದನ್ನು ಮಾಡುವುದೇ ನಿರ್ಲಕ್ಷ್ಯ. ಬೋಲ್ಟನ್ ವಿರುದ್ಧ ಸ್ಟೋನ್ (1951) ಪ್ರಕರಣದಲ್ಲಿ ಕ್ರಿಕೆಟ್ ಚೆಂಡು ಮೈದಾನದಾಚೆ ಹೋಗಿದ್ದು ಹತ್ತಿರಹತ್ತಿರ 30 ವರ್ಷದಲ್ಲಿ ಸುಮಾರು ಆರು ಸಲ. ಅಪಾಯ ಅಷ್ಟು ಕಡಿಮೆ ಇದ್ದುದರಿಂದ ಕ್ಲಬ್ ಹೊಣೆಯಾಗಲಿಲ್ಲ. ನಮ್ಮ ಓಣಿಯಲ್ಲಿ ಕಲ್ಲಿನ ಮೇಲೆ ದಿನವಿಡೀ ಕಾಲು ಬೀಳುತ್ತದೆ, ಕೆಳಗೆ 4½ ಅಡಿ ತಗ್ಗಿದೆ, ಸೀಳಿರುವುದನ್ನು ಬೆಳಿಗ್ಗೆಯೇ ಬಾಯಿಬಿಟ್ಟು ಹೇಳಿದ್ದಾರೆ, ತಪ್ಪಿಸಲು ಬೇಕಾದದ್ದು ಒಂದು ಪ್ಲೇಟ್. ಮೇಸ್ತ್ರಿ ಬಸವರಾಜನ ನೌಕರನಾದ್ದರಿಂದ ಅವನ ತಿಳಿವಳಿಕೆ, ಅವನ ತಪ್ಪು ಯಜಮಾನನಿಗೇ ಸೇರುತ್ತವೆ. "ದಿನಾ ಹಿಂಗೇ ಹಾಕ್ತೀವಿ" ಎಂಬ ವಾದ ನಿಲ್ಲುವುದಿಲ್ಲ. ರೂಢಿ ಸಾಕ್ಷ್ಯವಾಗಬಹುದು, ಕಣ್ಣಿಗೆ ಕಾಣುವ ಅಪಾಯಕ್ಕೆ ಪರವಾನಗಿಯಾಗುವುದಿಲ್ಲ. ಕರಾರಿನ ಷರತ್ತು ಮುರಿದದ್ದರಿಂದಲೇ ಶರಣಪ್ಪನಿಗೆ ಹಕ್ಕು ಹುಟ್ಟುವುದಿಲ್ಲ, ಅವನು ಆ ಕರಾರಿನ ಪಕ್ಷಗಾರನಲ್ಲ. ಆದರೆ ಯಾವ ಎಚ್ಚರಿಕೆ ಬೇಕಿತ್ತು ಎಂಬುದಕ್ಕೆ ಅದು ಒಳ್ಳೆಯ ಪುರಾವೆ.

ಚಾಂದನಿ ಚೌಕದ ಗಡಿಯಾರ ಗೋಪುರ ಕುಸಿದ ದೆಹಲಿ ಮುನಿಸಿಪಲ್ ಕಾರ್ಪೊರೇಷನ್ ವಿರುದ್ಧ ಸುಭಾಗ್ವಂತಿ (1966) ತೀರ್ಪನ್ನು ನೆನೆದು ಅನೇಕರು ಇಲ್ಲಿ 'ಘಟನೆಯೇ ಮಾತಾಡುತ್ತದೆ' ಎಂಬ ಸೂತ್ರ ಹಚ್ಚುತ್ತಾರೆ. ಬೇಡ. ಕಲ್ಲು ಏಕೆ ಮುರಿಯಿತೆಂದು ಗೊತ್ತಿರುವಾಗ, ಘಟನೆಯಿಂದಲೇ ನಿರ್ಲಕ್ಷ್ಯವನ್ನು ಊಹಿಸುವ ಈ ಸೂತ್ರದ ಸಹಾಯ ಬೇಕಿಲ್ಲ.

ಈಗ ಕಾರಣ ಸಂಬಂಧ. ಕೇಳಬೇಕಾದ ಪ್ರಶ್ನೆ: ಈ ಲೋಪ ಇರದಿದ್ದರೆ ಹಾನಿ ತಪ್ಪುತ್ತಿತ್ತೇ? ಬಾರ್ನೆಟ್ ವಿರುದ್ಧ ಚೆಲ್ಸಿ ಆಸ್ಪತ್ರೆ (1968) ಪ್ರಕರಣದಲ್ಲಿ ಚಹಾ ಕುಡಿದು ವಾಂತಿ ಮಾಡುತ್ತ ಬಂದ ಕಾವಲುಗಾರನನ್ನು ವೈದ್ಯ ನೋಡದೆ ಮನೆಗೆ ಕಳಿಸಿದ. ಕರ್ತವ್ಯಭಂಗ ಸ್ಪಷ್ಟವಾಗಿತ್ತು. ಆದರೆ ಹೊಟ್ಟೆಗೆ ಸೇರಿದ್ದು ಆರ್ಸೆನಿಕ್, ನೋಡಿದ್ದರೂ ಅವನು ಉಳಿಯುತ್ತಿರಲಿಲ್ಲ. ದಾವೆ ಬಿತ್ತು.

ಬಸವರಾಜನ ವಕೀಲರು ಇದನ್ನೇ ಹಿಡಿದು ಕೆಂಪು ದೀಪದ ಮಾತು ಎತ್ತುತ್ತಾರೆ: ಶರಣಪ್ಪನಿಗೆ ತಗ್ಗು ಎಲ್ಲಿದೆ ಎಂದು ಗೊತ್ತಿತ್ತು, ಅವನು ಕಲ್ಲು ಕಾಣದೆ ಬೀಳಲಿಲ್ಲ, ಕಲ್ಲಿನ ಮೇಲೆ ಕಾಲಿಟ್ಟೇ ಬಿದ್ದ, ದೀಪ ಉರಿಯುತ್ತಿದ್ದರೂ ಅಲ್ಲೇ ಕಾಲಿಡುತ್ತಿದ್ದ. ಈ ವಾದ ಸರಿ ಎಂದು ಒಪ್ಪಿಬಿಡಬೇಕು. ಕೇಬಲ್ ಕಡಿದು ಕತ್ತಲಾದದ್ದೂ ಹೀಗೆಯೇ ಪಕ್ಕಕ್ಕೆ ಸರಿಯುತ್ತದೆ. ಅಡಿಮೈಯ ಸೀಳು ಮೇಲಿನಿಂದ ನಡೆಯುವವನಿಗೆ ಹಗಲಿನಲ್ಲೂ ಕಾಣುವಂಥದಲ್ಲ. ಆದರೆ ಮೂರನೆಯ ಲೋಪಕ್ಕೆ ಅದೇ ಪ್ರಶ್ನೆ ಹಾಕಿದರೆ ಉತ್ತರ ತಿರುಗುತ್ತದೆ: ಪರಸಿಯ ಜಾಗದಲ್ಲಿ ಕಬ್ಬಿಣದ ಪ್ಲೇಟ್ ಇದ್ದಿದ್ದರೆ, ಅಥವಾ ಬೆಳಿಗ್ಗೆಯೇ ಕಲ್ಲು ತೆಗೆದು ದಾರಿ ಮುಚ್ಚಿದ್ದರೆ, ಅವನು ಬೀಳುತ್ತಿರಲಿಲ್ಲ. ದೀಪವನ್ನೇ ನಂಬಿ ವಾದಪತ್ರ ಬರೆದವರು ಗೆಲ್ಲಬೇಕಾದ ದಾವೆಯನ್ನು ಇಲ್ಲಿ ಸೋಲುತ್ತಾರೆ.

ಬಿದ್ದದ್ದಕ್ಕೂ ಕಾಲು ಹೋದದ್ದಕ್ಕೂ ನಡುವೆ ಇಬ್ಬರ ನಡತೆ ಬಂದಿದೆ. ವೈದ್ಯರದು ಮೊದಲು. ವೆಬ್ ವಿರುದ್ಧ ಬಾರ್ಕ್ಲೇಸ್ ಬ್ಯಾಂಕ್ (2001) ಇದಕ್ಕೆ ತೀರ ಹತ್ತಿರ: ಬ್ಯಾಂಕಿನ ಅಂಗಳದಲ್ಲಿ ಮೇಲೆದ್ದ ಕಲ್ಲಿಗೆ ಎಡವಿದ ಪೋಲಿಯೊ ಪೀಡಿತ ಮಹಿಳೆಯ ಕಾಲನ್ನು ತಪ್ಪು ವೈದ್ಯಕೀಯ ಸಲಹೆಯ ಮೇಲೆ ಕತ್ತರಿಸಲಾಯಿತು. ಆದರೂ ಬ್ಯಾಂಕಿನ ಹೊಣೆಯ ಸರಪಳಿ ಕಡಿಯಲಿಲ್ಲ. ಆ ಹೊಣೆಯಲ್ಲಿ ಬ್ಯಾಂಕಿಗೆ 25%, ಆಸ್ಪತ್ರೆಗೆ 75% ಎಂದು ಹಂಚಲಾಯಿತು. ಗಾಯವಾದವನು ವೈದ್ಯರಲ್ಲಿಗೆ ಹೋಗುತ್ತಾನೆ, ವೈದ್ಯರು ಕೆಲವೊಮ್ಮೆ ತಪ್ಪುತ್ತಾರೆ. ಚಿಕಿತ್ಸೆ ತೀರ ಅತಿರೇಕದ್ದಾಗಿದ್ದರೆ ಮಾತ್ರ ಸರಪಳಿ ಕಡಿಯುತ್ತದೆ. ಅರ್ಧಂಬರ್ಧ ತೊಳೆದದ್ದು ಆ ಮಟ್ಟದ್ದಲ್ಲ. ವೈದ್ಯರದು ನಿರ್ಲಕ್ಷ್ಯವೇ ಎಂಬುದನ್ನು ಸಾಧಾರಣ ಕೌಶಲದ ವೈದ್ಯರು ವಹಿಸುವ ಎಚ್ಚರಿಕೆ ಎಂಬ ಜೇಕಬ್ ಮ್ಯಾಥ್ಯೂ (2005) ತೀರ್ಪಿನ ಅಳತೆಯಲ್ಲಿ ಬೇರೆಯಾಗಿ ನೋಡಬೇಕು. ನಿರ್ಲಕ್ಷ್ಯವೆಂದಾದರೂ ಇಬ್ಬರ ತಪ್ಪು ಸೇರಿ ಹಾನಿಯಾದಾಗ ವಾದಿ ಯಾರೊಬ್ಬರಿಂದಲಾದರೂ ಪೂರ್ತಿ ವಸೂಲಿ ಮಾಡಬಹುದು. ಮೋಟಾರು ಅಪಘಾತದ ಪ್ರಕರಣವಾದ ಖೇನ್ಯೇ (2015) ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟಪಡಿಸಿದೆ.

ಶರಣಪ್ಪ ಎರಡು ಡ್ರೆಸ್ಸಿಂಗ್ ತಪ್ಪಿಸಿದ್ದು ಸರಪಳಿ ಕಡಿಯುವುದಿಲ್ಲ. ಮೆಕ್ಯೂ ವಿರುದ್ಧ ಹಾಲಂಡ್ (1969) ಪ್ರಕರಣದಲ್ಲಿ ಕಾಲು ಸೋಲುತ್ತದೆಂದು ತಿಳಿದೂ ಕೈಹಿಡಿಯಿಲ್ಲದ ಕಡಿದಾದ ಮೆಟ್ಟಿಲನ್ನು ಯಾರ ಸಹಾಯವೂ ಇಲ್ಲದೆ ಇಳಿದವನು ಸೋತ. ಇಲ್ಲಿ ಅಂಥ ದುಡುಕಿಲ್ಲ. ಆದರೆ ತನ್ನ ಹಾನಿ ಬೆಳೆಯದಂತೆ ನೋಡಿಕೊಳ್ಳುವುದು ವಾದಿಗೂ ಸೇರಿದ್ದು. ತಪ್ಪಿಸಿದ ದಿನಗಳಿಂದಲೇ ಕೊಳೆತ ಹೆಚ್ಚಿತೆಂದು ವೈದ್ಯಕೀಯ ಸಾಕ್ಷ್ಯ ಬಂದರೆ ಪರಿಹಾರದಲ್ಲಿ ಸಣ್ಣ ಪಾಲು ಕಡಿಮೆಯಾಗಬಹುದು. ಸಾಬೀತುಪಡಿಸುವ ಭಾರ ಬಸವರಾಜನದು.

ಇನ್ನು ದೂರತ್ವ. ರೀ ಪೊಲೆಮಿಸ್ (1921) ತೀರ್ಪು ನೇರ ಪರಿಣಾಮ ಎಲ್ಲಕ್ಕೂ ಹೊಣೆ ಎಂದಿತ್ತು. ಸಿಡ್ನಿ ಬಂದರಿನ ಎಣ್ಣೆ ಬೆಂಕಿಯ ವ್ಯಾಗನ್ ಮೌಂಡ್ (1961) ಅದನ್ನು ಬದಿಗೆ ಸರಿಸಿ, ಮುಂಗಾಣಬಹುದಾದ ಬಗೆಯ ಹಾನಿಗೆ ಮಾತ್ರ ಹೊಣೆ ಎಂದಿತು. ಮುಂಗಾಣಬೇಕಾದದ್ದು ಹಾನಿಯ ಬಗೆ, ಅದರ ಪ್ರಮಾಣವಲ್ಲ, ನಡೆದ ರೀತಿಯೂ ಅಲ್ಲ. ತಗ್ಗಿಗೆ ಬಿದ್ದವನ ಕಾಲಿಗೆ ಗಾಯವಾಗುವುದು ಯಾರಿಗಾದರೂ ಹೊಳೆಯುವ ಮಾತು. ಆ ಗಾಯ ಸಕ್ಕರೆ ಕಾಯಿಲೆಯಿಂದ ಕೊಳೆತದ್ದು ಪ್ರಮಾಣದ ವಿಷಯ. ಸ್ಮಿತ್ ವಿರುದ್ಧ ಲೀಚ್ ಬ್ರೇನ್ (1962) ಪ್ರಕರಣದಲ್ಲಿ ಕಾದ ಲೋಹ ಸಿಡಿದು ತುಟಿ ಸುಟ್ಟಿತು. ಮೊದಲೇ ಇದ್ದ ಒಲವಿನಿಂದ ಅದು ಕ್ಯಾನ್ಸರ್ ಆಗಿ ಕಾರ್ಮಿಕ ತೀರಿಕೊಂಡ. ಮಾಲೀಕರು ಸಾವಿಗೂ ಹೊಣೆಯಾದರು, ಏಕೆಂದರೆ ಪ್ರತಿವಾದಿ ವಾದಿಯನ್ನು ಇದ್ದ ಹಾಗೇ ಸ್ವೀಕರಿಸಬೇಕು. ಹೀಗಾಗಿ ಕಾಲಿನ ನಷ್ಟ, ಚಿಕಿತ್ಸೆಯ ಖರ್ಚು, ಕೃತಕ ಕಾಲು, ನೋವು, ಚೀಲ ಹೊತ್ತು ದುಡಿಯುವ ಶಕ್ತಿ ಹೋದದ್ದು ಎಲ್ಲಕ್ಕೂ ಬಸವರಾಜ ಹೊಣೆ. ಒಂದು ಕಾಲಿಲ್ಲದ ಗುಮಾಸ್ತನ ಗಳಿಕೆಗೂ ಒಂದು ಕಾಲಿಲ್ಲದ ಹಮಾಲನ ಗಳಿಕೆಗೂ ಇರುವ ಅಂತರವನ್ನು ವಾದಪತ್ರದಲ್ಲಿ ಬಿಡಿಸಿ ಬರೆಯಬೇಕು.

ಮಲ್ಲಮ್ಮನ ದಾವೆ ಬೇರೆ ಜಾಡಿನದು. ನಕ್ಷೆ ಕೈಯಲ್ಲಿದ್ದೂ ಕೇಬಲ್ ಕಡಿದದ್ದು ಕರ್ತವ್ಯಭಂಗ, ಕಾರಣವೂ ನೇರ. ತೊಡಕಿರುವುದು ನಷ್ಟದ ಬಗೆಯಲ್ಲಿ. ಸ್ಪಾರ್ಟನ್ ಸ್ಟೀಲ್ ವಿರುದ್ಧ ಮಾರ್ಟಿನ್ (1973) ಪ್ರಕರಣದಲ್ಲಿಯೂ ಕಡಿದದ್ದು ಬೇರೆಯವರ ಕೇಬಲ್. ಕುಲುಮೆಯಲ್ಲಿ ಆಗ ಕೆಟ್ಟ ಲೋಹಕ್ಕೂ ಅದರಿಂದ ಬರಬೇಕಿದ್ದ ಲಾಭಕ್ಕೂ ಪರಿಹಾರ ಸಿಕ್ಕಿತು. ಕರೆಂಟ್ ಇಲ್ಲದ ಹೊತ್ತಿನಲ್ಲಿ ಕರಗಿಸಲಾಗದೆ ಉಳಿದ ಲೋಹದ ಲಾಭಕ್ಕೆ ಸಿಗಲಿಲ್ಲ, ಅದು ಯಾವ ವಸ್ತುವೂ ಕೆಡದೆ ಆದ ಬರೀ ಹಣದ ನಷ್ಟ. ಇದೇ ಗೆರೆ ಎಳೆದರೆ ಕೆಟ್ಟ ಹಾಲು ಮೊಸರಿನ ₹2,400 ಮತ್ತು ಅದನ್ನೇ ಬಡಿಸಿದ್ದರೆ ಬರುತ್ತಿದ್ದ ಲಾಭ ಮಲ್ಲಮ್ಮನಿಗೆ ಸಿಗಬೇಕು. ₹7,000ರಲ್ಲಿ ಮಿಕ್ಕ ಭಾಗ ನಿರ್ಲಕ್ಷ್ಯದ ದಾವೆಯಲ್ಲಿ ಸಿಗುವುದಿಲ್ಲ.