ಹನ್ನೆರಡು ವಾರಗಳ ಓಟದ ತರಬೇತಿ: ನಮ್ಮ ಲೆಕ್ಕಪತ್ರ ವಿಭಾಗದ ಸಹೋದ್ಯೋಗಿಗಳಿಗೆ

ಆತ್ಮೀಯರೇ,

2026ರ ಏಪ್ರಿಲ್ 26ರ ಭಾನುವಾರ ಬೆಂಗಳೂರಿನಲ್ಲಿ ನಡೆಯುವ 10 ಕಿ.ಮೀ. ಸಹಾಯಾರ್ಥ ಓಟಕ್ಕೆ ನಮ್ಮ ವಿಭಾಗದಿಂದ ಹದಿನಾಲ್ಕು ಮಂದಿ ಹೆಸರು ಕೊಟ್ಟಿದ್ದೇವೆ. ನಾವು ಸಂಗ್ರಹಿಸುವ ಹಣ ಸರ್ಕಾರಿ ಶಾಲೆಯ ಮಕ್ಕಳ ಕಣ್ಣಿನ ತಪಾಸಣೆ ಮತ್ತು ಕನ್ನಡಕಕ್ಕೆ ಹೋಗುತ್ತದೆ. ನಮ್ಮಲ್ಲಿ ಹೆಚ್ಚಿನವರು ಶಾಲೆ ಬಿಟ್ಟ ಮೇಲೆ ಓಡಿಲ್ಲದ ಕಾರಣ, ಈ ಯೋಜನೆಯನ್ನು ನಮ್ಮಲ್ಲಿ ಅತಿ ನಿಧಾನವಾಗಿ ಓಡುವವರನ್ನು ಮನಸ್ಸಿನಲ್ಲಿಟ್ಟುಕೊಂಡು ರೂಪಿಸಿದ್ದೇನೆ.

ಫೆಬ್ರವರಿ 2ರ ವಾರದಿಂದ ಪ್ರತಿ ಮಂಗಳವಾರ, ಗುರುವಾರ ಮತ್ತು ಭಾನುವಾರ ಬೆಳಿಗ್ಗೆ 6 ಗಂಟೆಗೆ ಕಬ್ಬನ್ ಪಾರ್ಕಿನ ಕೆಂಪು ಗ್ರಂಥಾಲಯ ಕಟ್ಟಡದ ಎದುರು ಸೇರೋಣ. ಭಾನುವಾರ ಉದ್ಯಾನದೊಳಗೆ ವಾಹನ ಸಂಚಾರವಿಲ್ಲದಿರುವುದರಿಂದ ದೂರದ ಓಟವನ್ನು ಆ ದಿನಕ್ಕೇ ಇಟ್ಟಿದೆ. ಬಿ.ಪಿ., ಸಕ್ಕರೆ ಕಾಯಿಲೆ ಅಥವಾ ಹೃದಯದ ತೊಂದರೆ ಇರುವವರು ಮೊದಲ ದಿನಕ್ಕೆ ಮುನ್ನವೇ ತಮ್ಮ ವೈದ್ಯರನ್ನು ಕಂಡು ಬರಬೇಕೆಂದು ಕಳಕಳಿಯಿಂದ ಕೋರುತ್ತೇನೆ.

ಎಲ್ಲ ವಾರಗಳಿಗೂ ಅನ್ವಯಿಸುವ ನಿಯಮ ಒಂದೇ: ಪಕ್ಕದವರೊಡನೆ ಪೂರ್ತಿ ವಾಕ್ಯದಲ್ಲಿ ಮಾತನಾಡಲು ಆಗುವಷ್ಟೇ ವೇಗದಲ್ಲಿ ಓಡಬೇಕು. ಮಾತು ತುಂಡಾಗುತ್ತಿದ್ದರೆ ವೇಗ ಹೆಚ್ಚಾಗಿದೆ ಎಂದು ತಿಳಿಯಬೇಕು. ಹೊಸಬರಲ್ಲಿ ಉಸಿರು ಕೆಲವೇ ವಾರಗಳಲ್ಲಿ ಸುಧಾರಿಸುತ್ತದೆ. ಆದರೆ ಮೂಳೆ ಮತ್ತು ಸ್ನಾಯುಬಂಧಗಳು ಗಟ್ಟಿಯಾಗಲು ಅದಕ್ಕಿಂತ ಹೆಚ್ಚು ಕಾಲ ಬೇಕಾಗುವುದರಿಂದ, ‘ಇನ್ನೂ ಓಡಬಲ್ಲೆ’ ಎನ್ನಿಸುವ ಮೂರನೆಯ, ನಾಲ್ಕನೆಯ ವಾರದಲ್ಲೇ ಮೊಣಕಾಲ ಕೆಳಗಿನ ಮುಂಭಾಗದ ನೋವು ಕಾಣಿಸಿಕೊಳ್ಳುವುದುಂಟು.

ಮೊದಲ ಎರಡು ವಾರ ಐದು ನಿಮಿಷ ಬಿರುಸಾಗಿ ನಡೆದು, ಬಳಿಕ ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆಯನ್ನು ಎಂಟು ಬಾರಿ ಮಾಡೋಣ. ಭಾನುವಾರದ ದೂರ 3 ಕಿ.ಮೀ. ಎರಡನೆಯ ಭಾನುವಾರ ಶಿವರಾತ್ರಿಯಾದ್ದರಿಂದ, ಉಪವಾಸವಿರುವವರ ಸಲುವಾಗಿ ಎಲ್ಲರೂ ಶನಿವಾರವೇ ಓಡೋಣ. ಮೂರು ಮತ್ತು ನಾಲ್ಕನೆಯ ವಾರ ಎರಡು ನಿಮಿಷ ಓಟ, ಒಂದು ನಿಮಿಷ ನಡಿಗೆ, ಹತ್ತು ಬಾರಿ. ಭಾನುವಾರ ಕ್ರಮವಾಗಿ 4 ಮತ್ತು 5 ಕಿ.ಮೀ. ಐದು ಮತ್ತು ಆರನೆಯ ವಾರ ಐದು ನಿಮಿಷ ಓಟಕ್ಕೆ ಒಂದು ನಿಮಿಷ ನಡಿಗೆ, ಐದು ಬಾರಿ. ಭಾನುವಾರ 5 ಮತ್ತು 6 ಕಿ.ಮೀ.

ಏಳನೆಯ ವಾರದ ಗುರುವಾರ, ಮಾರ್ಚ್ 19ಕ್ಕೆ ಯುಗಾದಿ. ಅಂದು ತರಬೇತಿ ಇಲ್ಲ. ಭಾನುವಾರವೂ 4 ಕಿ.ಮೀ. ಮಾತ್ರ. ದೇಹಕ್ಕೆ ಆ ಹೊತ್ತಿಗೆ ಇಂಥದೊಂದು ಹಗುರವಾದ ವಾರ ಬೇಕಾಗಿಯೇ ಇರುತ್ತದೆ.

ಎಂಟನೆಯ ವಾರದಿಂದ ಬಿಸಿಲು ಬಲಿಯುವುದರಿಂದ ಬೆಳಿಗ್ಗೆ 5.30ಕ್ಕೆ ಸೇರೋಣ. ಹತ್ತು ನಿಮಿಷ ಓಟ, ಒಂದು ನಿಮಿಷ ನಡಿಗೆಯನ್ನು ಮೂರು ಬಾರಿ ಮಾಡುತ್ತಾ, ಎಂಟು, ಒಂಬತ್ತು, ಹತ್ತನೆಯ ವಾರಗಳ ಭಾನುವಾರ 7, 8 ಮತ್ತು 9 ಕಿ.ಮೀ. ಮುಟ್ಟೋಣ. ಓಟದ ದಿನಕ್ಕೆ ಮೊದಲು ಪೂರ್ತಿ ಹತ್ತು ಓಡಿ ನೋಡುವ ಅಗತ್ಯವಿಲ್ಲ. ಹನ್ನೊಂದನೆಯ ವಾರ ಭಾನುವಾರ 6 ಕಿ.ಮೀ.ಗೆ ಇಳಿಸಿ, ಕೊನೆಯ ವಾರ ಮಂಗಳವಾರ 20 ನಿಮಿಷ, ಗುರುವಾರ 15 ನಿಮಿಷ ಹಗುರವಾಗಿ ಓಡಿದರೆ ಸಾಕು.

ತಪ್ಪಿದ ದಿನದ ಓಟವನ್ನು ಮರುದಿನ ಎರಡುಪಟ್ಟು ಮಾಡಿ ತೀರಿಸಬಾರದು. ಇಡೀ ವಾರ ತಪ್ಪಿದವರು ಹಿಂದಿನ ವಾರದ ಕ್ರಮವನ್ನೇ ಮತ್ತೊಮ್ಮೆ ಮಾಡಲಿ. ಕಾಲಿನ ಒಂದೇ ಜಾಗದಲ್ಲಿ, ಬೆರಳಿಟ್ಟು ತೋರಿಸಬಹುದಾದಂಥ ನೋವಿದ್ದರೆ ಅಂದು ಓಡಕೂಡದು. ಶೂ ಕೊಳ್ಳುವವರು ಸಂಜೆ ಪಾದ ಸ್ವಲ್ಪ ಉಬ್ಬಿರುವ ಹೊತ್ತಿಗೆ ಅಂಗಡಿಗೆ ಹೋಗಿ, ನಿಂತುಕೊಂಡಾಗ ಉದ್ದನೆಯ ಬೆರಳಿನ ಮುಂದೆ ಹೆಬ್ಬೆರಳಗಲ ಜಾಗ ಉಳಿಯುವುದನ್ನು ನೋಡಿಕೊಳ್ಳಬೇಕು. ದಿನವಿಡೀ ಕುರ್ಚಿಯಲ್ಲಿರುವ ನಮಗೆ ಮೀನಖಂಡದ ಬಲ ಕಡಿಮೆ. ಊಟದ ಬಳಿಕ ಎರಡನೆಯ ಮಹಡಿಯ ಮೆಟ್ಟಿಲ ಅಂಚಿನಲ್ಲಿ ಕಂಬಿ ಹಿಡಿದು ನಿಂತು, ಹಿಮ್ಮಡಿಯನ್ನು ಹದಿನೈದು ಬಾರಿ ಏರಿಸಿ ಇಳಿಸುವುದನ್ನು ದಿನವೂ ರೂಢಿಸಿಕೊಳ್ಳೋಣ.

ದೇಣಿಗೆಯನ್ನು ಮಾರ್ಚ್ 31ರೊಳಗೆ ಸಂಗ್ರಹಿಸಿದರೆ ಕೊಟ್ಟವರಿಗೆ ಈ ಆರ್ಥಿಕ ವರ್ಷದಲ್ಲೇ 80ಜಿ ವಿನಾಯಿತಿ ಕೇಳಲು ಅನುಕೂಲ. ಅದು ಹಳೆಯ ತೆರಿಗೆ ಪದ್ಧತಿಯವರಿಗೆ ಮಾತ್ರ, ಮತ್ತು 2,000 ರೂಪಾಯಿಗಿಂತ ಹೆಚ್ಚಿನ ನಗದು ದೇಣಿಗೆಗೆ ಸಿಗುವುದಿಲ್ಲವೆಂಬುದನ್ನು ಕೇಳುವಾಗಲೇ ತಿಳಿಸಿಬಿಡಿ.

ಓಟದ ದಿನ ಹೊಸ ಶೂ, ಹೊಸ ತಿಂಡಿ ಎರಡೂ ಬೇಡ. ಎರಡು ಗಂಟೆ ಮೊದಲು ಎರಡು ಇಡ್ಲಿ ಅಥವಾ ಬಾಳೆಹಣ್ಣು ಸಾಕು. ಜನಜಂಗುಳಿಯ ಹಿಂಭಾಗದಲ್ಲಿ ನಿಂತು, ಮೊದಲ 2 ಕಿ.ಮೀ. ಬೇಕೆಂದೇ ನಿಧಾನವಾಗಿ ಓಡಿ, ನೀರಿನ ಮೇಜು ಬಂದಲ್ಲೆಲ್ಲ ನಡೆಯುತ್ತಾ ಕುಡಿಯೋಣ. ಎದೆನೋವು, ತಲೆಸುತ್ತು ಬಂದವರು ಅಲ್ಲೇ ನಿಂತು ಸ್ವಯಂಸೇವಕರನ್ನು ಕರೆಯಬೇಕು, ಜೊತೆಯವರಲ್ಲಿ ಒಬ್ಬರು ಅವರ ಬಳಿಯೇ ಇರಬೇಕು. ಮುಗಿಸಿದವರು ಕೂಡಲೇ ಕೂರದೆ ಹತ್ತು ನಿಮಿಷ ನಡೆಯಲಿ. ಮರುದಿನ ಸೋಮವಾರ ತಡವಾಗಿ ಬರಲು ಮೇಲಧಿಕಾರಿಗಳ ಒಪ್ಪಿಗೆ ಪಡೆದಿದ್ದೇನೆ. 11 ಗಂಟೆಗೆ ಎಲ್ಲರೂ ಕಚೇರಿಯಲ್ಲಿರಬೇಕು.

ಇತಿ,
ಸಂಚಾಲಕರು, ಓಟದ ತಂಡ